ಅದೇ ಬ್ರೋಮೈಡ್ ಅಂದ್ಕೊಂಡಿದ್ದೆ, ಆ ರಾತ್ರಿ 104 ಡಿಗ್ರಿ ನೋಡ್ದೆ

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಕೆಮಿಕಲ್ ಪ್ಲಾಂಟ್‌ನಾಗ ಶಿಫ್ಟ್ ಇಂಚಾರ್ಜ್ ಇದ್ದೆ ಆಗ. ಎರಡು ವರ್ಷದಿಂದ ಒಂದೇ ಪ್ರಾಡಕ್ಟ್ ನಡೀತಿತ್ತು. ಫಿನಾಲಿನ ಸೋಡಿಯಂ ಸಾಲ್ಟ್ ಡಿಎಂಎಫ್ ಅನ್ನೋ ಸಾಲ್ವೆಂಟ್‌ನಾಗ ಕರಗಿಸಿ, 60 ಡಿಗ್ರಿಗೆ ಇಟ್ಟು, ನಾರ್ಮಲ್ ಬ್ಯೂಟೈಲ್ ಬ್ರೋಮೈಡ್ ಮೂರು ತಾಸು ಡೋಸ್ ಮಾಡೋದು, ರಿಯಾಕ್ಟರ್ ಸುತ್ತಿನ ಜಾಕೆಟ್‌ಗೆ ಚಿಲ್ಡ್ ವಾಟರ್ ಬಿಡೋದು, ಅಷ್ಟೇ. ಕಣ್ಣು ಮುಚ್ಚಿ ಮಾಡೋ ಬ್ಯಾಚು. ಆಮೇಲೆ ಒಬ್ಬ ಕಸ್ಟಮರ್ ಐಸೊಬ್ಯೂಟೈಲ್ ಬೇಕು ಅಂದ, ಲ್ಯಾಬಿನವ್ರು ಒಂದು ಲೀಟರ್ ಫ್ಲಾಸ್ಕ್‌ನಾಗ ರಾತ್ರಿಯೆಲ್ಲಾ ಬಿಟ್ಟು ಮಾಡಿ ‘ಆಗ್ತದ’ ಅಂದ್ರು, ಬ್ಯಾಚ್ ಹೆಂಗ ಮಾಡಬೇಕು ಅಂತ ಬರೆದಿರೋ ಬಿಎಂಆರ್‌ನಾಗ ಕಚ್ಚಾಮಾಲಿನ ಹೆಸರು ಒಂದ್ ಬದಲಿಸಿ ನಮ್ಮ ಕೈಗೆ ಕೊಟ್ರು. ಉಳಿದದ್ದೆಲ್ಲಾ ಕಾಪಿ ಪೇಸ್ಟ್.

ನಾನೂ ತಲೆ ಕೆಡಿಸ್ಕೊಳ್ಳಲಿಲ್ಲ. ಎರಡೂ C4H9Br, ಮಾಲೆಕ್ಯುಲರ್ ವೇಟ್ ಎರಡಕ್ಕೂ 137. ಅದೇ ಕಿಲೋ ಹಾಕಿದ್ರ ಅಷ್ಟೇ ಅಣು, ಅಷ್ಟೇ ಡಿಕ್ಕಿ, ಅಷ್ಟೇ ರಿಯಾಕ್ಷನ್ ಅಂತ ನನ್ನ ಲೆಕ್ಕ.

ರಾತ್ರಿ ಹನ್ನೊಂದಕ್ಕ ಡೋಸಿಂಗ್ ಶುರು ಆಯ್ತು. ಹಳೇ ಬ್ಯಾಚಿನಾಗ ಹಾಕಿದ ಹತ್ತು ನಿಮಿಷಕ್ಕೇ ಟೆಂಪರೇಚರ್ ಏರ್ಲಾಕ ನೋಡ್ತಿತ್ತು, ಚಿಲ್ಡ್ ವಾಟರ್ ವಾಲ್ವ್ ಹಿಡ್ಕೊಂಡೇ ನಿಲ್ಲಬೇಕಿತ್ತು. ಇವತ್ತು 60 ಅಂದ್ರ 60, ಅಲುಗಾಟ ಇಲ್ಲ. ನಮ್ಮ ಆಪರೇಟರ್ ಕಾಕಾ, ಇಪ್ಪತ್ತು ವರ್ಷದ ಸರ್ವಿಸು, ಜಾಕೆಟ್ ಔಟ್‌ಲೆಟ್ ಪೈಪಿಗೆ ಕೈ ಹಚ್ಚಿ ನೋಡಿ ಬಂದು, ‘ಸಾಹೇಬ್ರ, ಪೈಪ್ ಬೆಚ್ಚಗೇ ಆಗವಲ್ದು ನೋಡ್ರಿ ಇವತ್ತ’ ಅಂದ್ರು. ನಾನು ನಕ್ಕು, ‘ಛಲೋನೇ ಆಯ್ತಲ್ಲ ಕಾಕಾ, ಆರಾಮ್ ಬ್ಯಾಚು’ ಅಂದೆ. ಅಷ್ಟಕ್ಕೇ ನಿಂತಿದ್ರ ಆಗ್ತಿತ್ತು, ಎಕ್ಸೋಥರ್ಮ್ ಇಲ್ಲ, ಅಂದ್ರ ರಿಯಾಕ್ಷನ್ ಬಿಸಿ ಹುಟ್ಟಿಸ್ತಿಲ್ಲ ಅಂತ ಡೋಸಿಂಗ್ ಸ್ಪೀಡ್ ಏರಿಸಿ ಎರಡೇ ತಾಸಿನಾಗ ಮುಗಿಸಿದೆ, ಒಂದು ತಾಸು ಉಳಿಸಿದೆ ಅಂತ ಹೆಮ್ಮೆ ಬ್ಯಾರೆ.

ಎರಡು ಗಂಟೆಗೆ, ಸ್ಯಾಂಪಲ್‌ನಾಗ ಯಾವುದು ಎಷ್ಟು ಅದ ಅಂತ ತೋರಿಸೋ ಜಿಸಿ ಟೆಸ್ಟಿನ ರಿಪೋರ್ಟ್ ಬಂತು. ಹಾಕಿದ ಬ್ರೋಮೈಡ್‌ನಾಗ ಮುಕ್ಕಾಲು ಪಾಲು ಹಂಗೇ ಕುಂತದ. ಮೊದಲು ಕೈ ಹೋದದ್ದು ಆರ್‌ಪಿಎಂಗೆ. 60 ಇದ್ದದ್ದು 90 ಮಾಡ್ದೆ, ಜೋರಾಗಿ ಕಲಕಿದ್ರ ಡಿಕ್ಕಿ ಜಾಸ್ತಿ ಆಗ್ತಾವ ಅಂತ! ಮಾಸ್ ಎಲ್ಲಾ ಕರಗಿ ಕ್ಲಿಯರ್ ಇತ್ತು, ಅದರೊಳಗಿನ ಅಣುಗಳು ನಮ್ಮ ಅಜಿಟೇಟರ್ ಇರಲಿ ಬಿಡಲಿ ಸೆಕೆಂಡಿಗೆ ಲೆಕ್ಕ ಇಲ್ಲದಷ್ಟು ಸಲ ಡಿಕ್ಕಿ ಹೊಡೀತಾನೇ ಇರ್ತಾವ. ಕರಗದ ಪುಡಿ ತಳಕ್ಕ ಕುಂತಿದ್ರ, ಇಲ್ಲಾ ಎರಡು ಲೇಯರ್ ಇದ್ರ ಆರ್‌ಪಿಎಂ ಉಪಯೋಗಕ್ಕ ಬರ್ತಿತ್ತು, ಇಲ್ಲಿ ಬರೋದಿಲ್ಲ. ಒಂದು ತಾಸು ಬಿಟ್ಟು ಸ್ಯಾಂಪಲ್ ಕಳಿಸಿದ್ರ ಎಲ್ಲಿತ್ತೋ ಅಲ್ಲೇ ಅದ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಜಾಕೆಟ್‌ಗೆ ಸ್ಟೀಮ್ ಕೊಟ್ಟೆ, 80ಕ್ಕ ತರೋಣ ಅಂತ.

80ಕ್ಕ ಬಂತು, ಸ್ಟೀಮ್ ಬಂದ್ ಮಾಡ್ಸಿದೆ. 82. 85. ‘ಕಾಕಾ, ಸ್ಟೀಮ್ ಬಂದ್ ಅದನ್ರಿ?’ ‘ಆವಾಗೇ ಬಂದ್ ಮಾಡೀನ್ರಿ ಸಾಹೇಬ್ರ, ಇದು ನಿಂದ್ರವಲ್ದು.’ 89. ಜಾಕೆಟ್‌ನಾಗಿನ ಸ್ಟೀಮ್ ಡ್ರೇನ್ ಆಗಿ ಚಿಲ್ಡ್ ವಾಟರ್ ತುಂಬೋತನಕ ಏಳೋ ಎಂಟೋ ನಿಮಿಷ, ಅಷ್ಟೊತ್ತು ಕೈಯಾಗ ಏನೂ ಇಲ್ಲ, ಡಿಸ್‌ಪ್ಲೇ ನೋಡ್ತಾ ನಿಲ್ಲೋದಷ್ಟೇ. ನಡುವೆ ಪ್ರೆಶರ್ ಗೇಜ್ ಮುಳ್ಳು ಏಳ್ಲಾಕ ಹತ್ತಿತು, ಅದು ಯಾಕ ಅಂತ ಆಗ ತಿಳೀಲಿಲ್ಲ. ವೆಂಟ್ ಫುಲ್ ಓಪನ್ ಮಾಡ್ಸಿ ಉಳಿದವ್ರನ್ನೆಲ್ಲಾ ಕೆಳಗ ಕಳಿಸ್ದೆ. ಅಜಿಟೇಟರ್ ಮಾತ್ರ ನಿಲ್ಲಿಸ್ಲಿಲ್ಲ, ಆ ರಾತ್ರಿ ನಾನು ಸರಿ ಮಾಡಿದ್ದು ಬಹುಶಃ ಅದೊಂದೇ, ನಿಲ್ಲಿಸಿದ್ರ ಜಾಕೆಟ್ ತಂಪು ಒಳಗ ಮುಟ್ತಿರ್ಲಿಲ್ಲ. 104ಕ್ಕ ಹೋಗಿ ನಿಂತು, ಆಮೇಲೆ 103 ಅಂತ ತೋರಿಸ್ದಾಗ ಕಾಕಾ ರೇಲಿಂಗ್ ಹಿಡ್ಕೊಂಡು ಕುಂತೇಬಿಟ್ರು.

ಮರುದಿನ ಆರ್ ಅಂಡ್ ಡಿ ಸೀನಿಯರ್ ಒಬ್ಬರು ನನ್ನ ಕೂಡಿಸ್ಕೊಂಡು ಲೆಕ್ಕ ಹಾಕಿಸಿದ್ರು. ಇಂಥಾ ರಿಯಾಕ್ಷನ್ನಿನ ಆಕ್ಟಿವೇಷನ್ ಎನರ್ಜಿ, ಅಂದ್ರ ರಿಯಾಕ್ಷನ್ ಆಗ್ಲಾಕ ಅಣುಗಳು ದಾಟಬೇಕಾದ ಶಕ್ತಿಯ ದಿನ್ನಿ, ಮೋಲಿಗೆ 80 ಕಿಲೊಜೂಲ್ ಹಿಡಿ ಅಂದ್ರು. ಡಿಕ್ಕಿಗಳೊಳಗ ಎಷ್ಟು ಪಾಲು ಆ ದಿನ್ನಿ ದಾಟೋ ತಾಕತ್ತಿನವು ಅನ್ನೋದು e^(-Ea/RT). 60 ಡಿಗ್ರಿ ಅಂದ್ರ 333 ಕೆಲ್ವಿನ್, ಆಗ ಸುಮಾರು ಮೂರೂವರೆ ಲಕ್ಷ ಕೋಟಿ ಡಿಕ್ಕಿಗೆ ಒಂದು ಮಾತ್ರ. 80 ಡಿಗ್ರಿಗೆ 69 ಸಾವಿರ ಕೋಟಿಗೆ ಒಂದು. ಅಂದ್ರ 5 ಪಟ್ಟು. ಅಣುಗಳ ಓಟ ಎಷ್ಟು ಹೆಚ್ಚಾಯ್ತು ಅಂತ ಕೇಳಿದ್ರು, ಟೆಂಪರೇಚರಿನ ವರ್ಗಮೂಲದ ಲೆಕ್ಕದಾಗ ಬರೀ 3 ಪರ್ಸೆಂಟ್. ನಾನು ಡಿಕ್ಕಿ ಎಣಿಸ್ಲಕತ್ತಿದ್ದೆ, ಎಣಿಸಬೇಕಾಗಿದ್ದು ದಾಟೋವು ಎಷ್ಟು ಅಂತ. ಮುಕ್ಕಾಲು ಬ್ರೋಮೈಡ್ ಒಳಗ ಕೂಡಿಟ್ಟು ಆ ಪಾಲನ್ನ 5 ಪಟ್ಟು ಮಾಡ್ದೆ, ಬಂದ ಬಿಸಿ ಅದನ್ನ ಇನ್ನೂ ಏರಿಸ್ತು, ಅದರಿಂದ ಮತ್ತ ಬಿಸಿ. ಒಂದು ಲೀಟರ್ ಫ್ಲಾಸ್ಕ್‌ಗೆ ಒಳಗಿನ ಮಾಲಿನ ಲೆಕ್ಕಕ್ಕ ಹೊರಗಿನ ಮೈ ಜಾಸ್ತಿ, ಬಿಸಿ ಹೊರಗ ಹೋಗಿಬಿಡ್ತದ, ಅದಕ್ಕೇ ಲ್ಯಾಬಿನಾಗ ಇದು ಕಾಣಿಸ್ಲೇ ಇಲ್ಲ.

ಹಂಗಾದ್ರ ಹಳೇ ಬ್ರೋಮೈಡ್ 60ಕ್ಕೇ ಯಾಕ ಓಡ್ತಿತ್ತು ಸರ್ ಅಂದೆ. ಈ ರಿಯಾಕ್ಷನ್‌ನಾಗ ಫಿನಾಕ್ಸೈಡ್, ಅಂದ್ರ ಆ ಸೋಡಿಯಂ ಸಾಲ್ಟಿನ ಫಿನಾಲ್ ಭಾಗ, ಬ್ರೋಮಿನ್ ಇರೋ ಕಾರ್ಬನ್ನಿಗೆ ಬ್ರೋಮಿನ್ನಿನ ನೇರ ಎದುರು ದಿಕ್ಕಿನಿಂದ, ಅಂದ್ರ ಹಿಂದಿನಿಂದ, ಬಂದು ಬಡೀಬೇಕು. ಬ್ಯಾರೆ ಕಡಿಂದ ಎಷ್ಟೇ ಜೋರಾಗಿ ಬಡಿದ್ರೂ ರಿಯಾಕ್ಷನ್ ಆಗಂಗಿಲ್ಲ, ಶಕ್ತಿ ಇದ್ದೂ ದಂಡ. ಹುಮನಾಬಾದ್ ಬಸ್ಸಿನ ಹಿಂದಿನ ಬಾಗಿಲು ಅಂತ ತಿಳ್ಕೋರಿ. ನಾರ್ಮಲ್ ಬ್ಯೂಟೈಲ್‌ನಾಗ ಪಕ್ಕದ ಕಾರ್ಬನ್ ಮ್ಯಾಲೆ ಒಂದೇ ಕವಲು, ಸರಕೊಂಡು ಹತ್ತಬಹುದು. ಐಸೊಬ್ಯೂಟೈಲ್‌ನಾಗ ಅಲ್ಲೇ ಎರಡು ಮಿಥೈಲ್ ಮೆಟ್ಟಿಲ ಮ್ಯಾಲೆ ಕುಂತಾವ. ಸರಿ ದಿಕ್ಕಿನಿಂದ ಬರೋ ಡಿಕ್ಕಿ ಅಪರೂಪ, ಬಂದ್ರೂ ಆ ಇಕ್ಕಟ್ಟಿನಾಗ ದಿನ್ನಿ ಸ್ವಲ್ಪ ಎತ್ತರ ಆಗ್ತದ, ಎರಡೂ ಸೇರಿ ಹತ್ತು ಪಟ್ಟಿಗಿಂತ ಹೆಚ್ಚು ನಿಧಾನ. ಇಲ್ಲಿ ದಿಕ್ಕಿನ ಪಾಲು ಎಷ್ಟು, ದಿನ್ನಿಯ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಸುಲಭ ಅಲ್ಲ ಅಂತ ಅವರೇ ಅಂದ್ರು.

ಪ್ರೆಶರ್‌ದೂ ಅದೇ ಕಥಿ. ಹಿಂದಿನ ಬಾಗಿಲು ಸಿಗದ ಫಿನಾಕ್ಸೈಡ್ ಪಕ್ಕದ ಕಾರ್ಬನ್ನಿನ ಹೈಡ್ರೋಜನ್ನನ್ನ ಕಿತ್ಕೊಳ್ತದ, ಆಗ ಐಸೊಬ್ಯೂಟೀನ್ ಹುಟ್ತದ. ಅದು ಕುದಿಯೋದು ಮೈನಸ್ 7 ಡಿಗ್ರಿಗೆ, 100ರ ಹತ್ರ ಹುಟ್ಟಿದ್ರ ಗ್ಯಾಸೇ, ಅದೂ ಬೆಂಕಿ ಹಿಡಿಯೋದು. ಈ ಅಡ್ಡದಾರಿಯ ದಿನ್ನಿ ಸಾಮಾನ್ಯವಾಗಿ ಜಾಸ್ತಿ ಎತ್ತರ ಇರ್ತದ, ಅದಕ್ಕೇ ಬಿಸಿ ಏರಿದಂಗ ಅದರ ಪಾಲೇ ಹೆಚ್ಚು ಬೆಳೀತದ. ಈಲ್ಡ್ ಅಲ್ಲೇ ಸೋರಿ ಹೋಯ್ತು.

ಈಗ ಬಿಎಂಆರ್ ಬದಲಾಗ್ಯಾದ. 70 ಡಿಗ್ರಿ, 8 ತಾಸು ಡೋಸಿಂಗ್. ಮೊದಲ ಹತ್ತನೇ ಒಂದು ಪಾಲು ಹಾಕಿ ನಿಲ್ಲಿಸಿ ಜಿಸಿ ನೋಡೋದು, ಹಾಕಿದ್ದು ಖರ್ಚಾಗದೇ ಮುಂದಿಂದು ಹಾಕಂಗಿಲ್ಲ. 70ಕ್ಕ ವೇಗ 2 ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅದಕ್ಕೇ 8 ತಾಸು. ಪ್ರೊಡಕ್ಷನ್ ಮೀಟಿಂಗಿನಾಗ ಇವತ್ತಿಗೂ ‘ಟೈಮ್ ಸೈಕಲ್ ಯಾಕ ಇಷ್ಟು?’ ಅಂತ ಕೇಳ್ತಾರ.

ಡಿವಿಯೇಷನ್ ರಿಪೋರ್ಟಿನಾಗ ರೂಟ್ ಕಾಸ್ ಅಂತ ಬರೆದದ್ದು ಹ್ಯೂಮನ್ ಎರರ್. ಮತ್ತ ಹಂಗ ಆಗದಂಗ ಬರೆಯೋ ಕ್ರಮ, ಅಂದ್ರ ಕ್ಯಾಪಾ, ಆಪರೇಟರಿಗೆ ರೀಟ್ರೇನಿಂಗ್. ಪೈಪಿಗೆ ಕೈ ಹಚ್ಚಿ ನೋಡಿದ ಆ ಕಾಕಾನೇ ಟ್ರೇನಿ ಅಂತ ಸಹಿ ಮಾಡಿದ್ರು, ಟ್ರೇನರ್ ಅಂತ ಕೆಳಗ ನನ್ನ ಸಹಿ. ಪೆನ್ ವಾಪಸ್ ಕೊಡ್ತಾ, ‘ಸಾಹೇಬ್ರ, ಮುಂದಿನ ಸಲಾನೂ ಪೈಪ್ ಮುಟ್ಲಿ, ಬ್ಯಾಡ?’ ಅಂತ ಕೇಳಿದ್ರು.