ಪೆನ್ ಪರದೆಯೂ ಕಾವಿಯ ಕೆಂಪೂ

ಮೊದಲ ಶನಿವಾರ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳನ್ನು ನೋಡಿಕೊಂಡು, ಲ್ಯಾಪ್‌ಟಾಪಿಗೆ ಜೋಡಿಸಿ ಪೆನ್ನಿನಿಂದ ನೇರವಾಗಿ ಮೇಲೆಯೇ ಬರೆಯುವ ಪೆನ್ ಪರದೆಯಲ್ಲಿ ಒಂದು ಚಿತ್ರಮಾಲೆ ಬಿಡಿಸುತ್ತಿದ್ದೇನೆ. ಕಾವಿಯಲ್ಲಿ ಇರುವುದೇ ಎರಡು ಬಣ್ಣ: ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು. ಕೆಂಪು ತಪ್ಪಿದರೆ ಮರೆಮಾಚಲು ಮೂರನೆಯದು ಇಲ್ಲ.

ಹನ್ನೊಂದು ಚಿತ್ರ ಮುಗಿದ ಮೇಲೆ ಒಂದನ್ನು ಮುದ್ರಿಸಿ ನೋಡೋಣವೆಂದು ಪೇಟೆಗೆ ಕೊಟ್ಟೆ. ಮುದ್ರಣದಂಗಡಿಯ ಅಣ್ಣ ಕಾಗದ ಕೈಗಿಡುತ್ತಾ, "ಕಾವಿ ಎಂದೆಯಲ್ಲ ತಂಗಿ, ಇದು ಕಷಾಯದ ಬಣ್ಣ ಬಂದಿದೆ" ಎಂದರು. ಅವರ ಯಂತ್ರವನ್ನು ಬೈಯುವ ಮೊದಲು ಅದೇ ಕಡತವನ್ನು ಮೊಬೈಲಿನಲ್ಲಿ ತೆರೆದೆ. ಅಲ್ಲೂ ಮಂಕು. ತಮ್ಮನ ಲ್ಯಾಪ್‌ಟಾಪಿನಲ್ಲೂ ಮಂಕು. ಉಜ್ವಲವಾಗಿ ಕಾಣುವುದು ನನ್ನ ಪೆನ್ ಪರದೆಯಲ್ಲಿ ಮಾತ್ರ. ಅಂದರೆ ತಪ್ಪು ನನ್ನ ಮನೆಯಲ್ಲೇ ಇದೆ.

ಕಾರಣ ಸರಳವಾಗಿತ್ತು. ನನ್ನ ಪರದೆಯ ವರ್ಣವ್ಯಾಪ್ತಿ, ಅಂದರೆ ಅದು ತೋರಿಸಬಲ್ಲ ಬಣ್ಣಗಳ ಹರವು, ಬಹುತೇಕ ಪರದೆಗಳು ಪಾಲಿಸುವ ಮಾನದಂಡವಾದ ಎಸ್‌ಆರ್‌ಜಿಬಿಗಿಂತ ದೊಡ್ಡದು, ಪಿ-3 ಎಂಬ ಹಿರಿದಾದ ಮಾನದಂಡಕ್ಕೆ ಹತ್ತಿರ. ಅದರ ಕೆಂಪು ದೀಪವೇ ಹೆಚ್ಚು ಕಡು. ಪರದೆಯ ಬಣ್ಣಗಳು ಹೇಗಿವೆ ಎಂದು ತಂತ್ರಾಂಶಕ್ಕೆ ತಿಳಿಸುವ ಕಡತಕ್ಕೆ ಪ್ರೊಫೈಲ್ ಎನ್ನುತ್ತಾರೆ. ಅದು ಇಲ್ಲದಿದ್ದರೆ ಚಿತ್ರದ ಕಡತದ ಅಂಕಿಗಳು ನೇರವಾಗಿ ಪರದೆಗೆ ಹೋಗುತ್ತವೆ, ಕೆಂಪು ತಾನಿರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ನಾನು ಮೇಜಿನ ಮೇಲೆ ಕೆಮ್ಮಣ್ಣಿನ ಹೆಂಟೆಯಿಟ್ಟುಕೊಂಡು ಅದಕ್ಕೆ ಹೊಂದುವವರೆಗೆ ಬಣ್ಣವನ್ನು ತಗ್ಗಿಸಿದ್ದೆ. ಕಡತದಲ್ಲಿ ಉಳಿದದ್ದು ಆ ತಗ್ಗಿಸಿದ ಅಂಕಿ.

ಮರುದಿನ

ಕಾರವಾರದಲ್ಲಿ ಮದುವೆ ಫೋಟೋ ತೆಗೆಯುವ ಗೆಳತಿಯೊಬ್ಬಳು ಬಣ್ಣಮಾಪಕವನ್ನು ಎರವಲು ಕೊಟ್ಟಳು. ಪರದೆಗೆ ಅಂಟಿಸಿ ಕೂರಿಸುವ ಪುಟ್ಟ ಉಪಕರಣ.

ಕೆಲಸ ಶುರುವಾಗುವುದು ಅದಕ್ಕೂ ಮೊದಲು, ಕಿಟಕಿಯಿಂದ. ನನ್ನ ಕೋಣೆ ಅಡಿಕೆ ತೋಟಕ್ಕೆ ಮುಖಮಾಡಿದೆ. ಬೆಳಗ್ಗೆ ಹತ್ತರ ಹೊತ್ತಿಗೆ ಒಳಬರುವ ಬೆಳಕು ಸೋಗೆಯ ಹಸಿರನ್ನು ಹೊತ್ತು ಬರುತ್ತದೆ. ಕಣ್ಣು ಆ ಹಸಿರಿಗೆ ಒಗ್ಗಿಕೊಂಡಾಗ ಪರದೆಯ ಬಿಳಿ ತುಸು ಗುಲಾಬಿಯಾಗಿ ಕಾಣುತ್ತದೆ. ಇದನ್ನು ಯಾವ ಪ್ರೊಫೈಲೂ ಸರಿಪಡಿಸದು. ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿದೆ, ಮೇಜನ್ನು ಕಿಟಕಿಗೆ ಅಡ್ಡಲಾಗಿ ತಿರುಗಿಸಿದೆ.

ಆಮೇಲೆ ಹೊಳಪು. ಪರದೆ ಅಂಗಡಿಯಿಂದ ಬಂದಂತೆ ನೂರರಲ್ಲೇ ಇತ್ತು. ಮಾಪಕ ಚದರ ಮೀಟರಿಗೆ 214 ಕ್ಯಾಂಡೆಲಾ ತೋರಿಸಿತು. ಮಳೆಗಾಲದ ಮಬ್ಬು ಕೋಣೆಗೆ ಅದು ಎರಡು ಪಟ್ಟು ಹೆಚ್ಚು. ಅಷ್ಟು ಹೊಳಪಿನಲ್ಲಿ ಬಿಡಿಸಿದವರು ಗೊತ್ತಿಲ್ಲದೆ ನೆರಳುಗಳನ್ನು ಕಪ್ಪಾಗಿಸುತ್ತಾರೆ, ಕಾಗದದ ಮೇಲೆ ಅವು ಮಸಿಯಾಗುತ್ತವೆ. ನಾನು 100 ಕ್ಯಾಂಡೆಲಾ ಎಂದು ನಿಶ್ಚಯಿಸಿದೆ. ಅರ್ಧ ಗಂಟೆ ಪರದೆ ಬಿಸಿಯಾಗಲು ಬಿಟ್ಟು ಈ ಆಜ್ಞೆ ಕೊಟ್ಟೆ:

```
dispcal -v -d2 -yl -t6500 -g2.2 -b100 -qm pen
```

ಇದು ಆರ್ಗಿಲ್ ಎಂಬ ಉಚಿತ ತಂತ್ರಾಂಶದ ಆಜ್ಞೆ. `-d2` ಎಂದರೆ ಎರಡನೇ ಪರದೆ, ಅಂದರೆ ಪೆನ್ನಿನದು. `-b100` ಬರೆದ ಮಾತ್ರಕ್ಕೆ ಹೊಳಪು ತಾನಾಗಿ ಸರಿಯಾಗುತ್ತದೆಂದು ಸುಮ್ಮನಿರಬಾರದು. ಪರದೆಯ ಗುಂಡಿಯನ್ನು ಮುಟ್ಟದಿದ್ದರೆ ತಂತ್ರಾಂಶ ಅಂಕಿಗಳನ್ನೇ ಕುಗ್ಗಿಸಿ ಬಿಳಿಯನ್ನು ಕೆಳಗಿಳಿಸುತ್ತದೆ. ಬಣ್ಣದ ಮೆಟ್ಟಿಲುಗಳು ಕಡಿಮೆಯಾಗಿ ಆಕಾಶದಂಥ ನುಣುಪು ಜಾಗದಲ್ಲಿ ಪಟ್ಟೆ ಏಳುತ್ತದೆ. ಆಜ್ಞೆ ಮೊದಲು ತೋರಿಸುವ ಪಟ್ಟಿಯಲ್ಲಿ ಬಿಳಿಯ ಮಟ್ಟವನ್ನು ಆರಿಸಿಕೊಂಡು, ಮಾಪಕದ ಅಂಕಿ ನೋಡುತ್ತಾ ಗುಂಡಿಯಲ್ಲೇ ಹೊಳಪು ಇಳಿಸಿದೆ. 38ರಲ್ಲಿ 101 ಕ್ಯಾಂಡೆಲಾ ಬಂತು. ಅಷ್ಟು ಸಾಕು.

ಸಂಜೆ ಏಳಕ್ಕೆ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಪರದೆ ಹಳದಿಗೆ ತಿರುಗಿತು. ರಾತ್ರಿ ಬೆಳಕಿನ ಸೌಲಭ್ಯ ಸೂರ್ಯಾಸ್ತಕ್ಕೆ ತಾನಾಗಿ ಚಾಲೂ ಆಗಿತ್ತು. ಅರ್ಧ ಅಳತೆ ಹಗಲಿನದು, ಅರ್ಧ ರಾತ್ರಿಯದು. `dispcal -d2 -yl -r` ಎಂದು ಕೇಳಿದಾಗ ಬಿಳಿಯ ಬಣ್ಣತಾಪ 6500 ಕೆಲ್ವಿನ್ನಿನ ಬದಲು ನಾಲ್ಕು ಸಾವಿರದ ಆಸುಪಾಸು ಎಂದು ವರದಿ ಬಂತು. ಎಲ್ಲವನ್ನೂ ಅಳಿಸಿ, ರಾತ್ರಿ ಬೆಳಕನ್ನೂ ಲ್ಯಾಪ್‌ಟಾಪಿನ ತಾನಾಗಿ ಹೊಂದಿಕೊಳ್ಳುವ ಹೊಳಪನ್ನೂ ನಿಲ್ಲಿಸಿ, ಮತ್ತೆ ಮೊದಲಿನಿಂದ. ಊಟ ಒಂಬತ್ತೂವರೆಗೆ ಆಯಿತು, ಅತ್ತೆ ಏನೂ ಹೇಳಲಿಲ್ಲ. ಅದೇ ಹೆಚ್ಚು ಭಯ.

ಎರಡನೇ ವಾರ

ಹದಗೊಳಿಸುವುದು ಬೇರೆ, ಪ್ರೊಫೈಲ್ ಮಾಡುವುದು ಬೇರೆ. ಮೇಲಿನ ಆಜ್ಞೆ ಬಿಳಿಯನ್ನೂ ಬೂದು ಮೆಟ್ಟಿಲುಗಳನ್ನೂ ನೇರಮಾಡಿತು, ಅಷ್ಟೇ. ಕೆಂಪು ಎಷ್ಟು ಕಡು ಎಂದು ಚಿತ್ರದ ತಂತ್ರಾಂಶಕ್ಕೆ ತಿಳಿಸುವುದು ಪ್ರೊಫೈಲ್:

```
targen -d3 -f150 pen
dispread -v -d2 -yl -k pen.cal pen
colprof -v -qm -as -D "pen 100" pen
dispwin -d2 -I pen.icm
```

ನೂರೈವತ್ತು ಬಣ್ಣದ ತುಣುಕುಗಳನ್ನು ಒಂದೊಂದಾಗಿ ತೋರಿಸಿ ಅಳೆದು, ಕೊನೆಯ ಸಾಲಿನಲ್ಲಿ ಪ್ರೊಫೈಲನ್ನು ಎರಡನೇ ಪರದೆಗೆ ಹಚ್ಚುತ್ತದೆ. ವಿಂಡೋಸಿನಲ್ಲಿ `colorcpl` ತೆರೆದು ಅದು ಸರಿಯಾದ ಪರದೆಗೇ ಹತ್ತಿದೆಯೇ ಎಂದು ನೋಡಿದೆ. ಬಳಿಕ ನಾನು ಚಿತ್ರ ಬಿಡಿಸುವ ತಂತ್ರಾಂಶವಾದ ಕ್ರಿಟಾದ ಬಣ್ಣ ನಿರ್ವಹಣೆಯ ಭಾಗದಲ್ಲಿ ಪರದೆಯ ಪ್ರೊಫೈಲಾಗಿ ಇದನ್ನೇ ಕೊಟ್ಟೆ. ಚಿತ್ರದ ಕಡತ ಮಾತ್ರ ಎಸ್‌ಆರ್‌ಜಿಬಿಯಲ್ಲೇ ಇರಬೇಕು. ಪರದೆಯ ಪ್ರೊಫೈಲನ್ನು ಹೊಸ ಚಿತ್ರದ ಪ್ರೊಫೈಲಾಗಿ ಆರಿಸಿದರೆ ಹಳೆಯ ಗೋಜಲೇ ಹೊಸ ಹೆಸರಿನಲ್ಲಿ ಮರಳುತ್ತದೆ.

ಕ್ರಿಟಾದಲ್ಲಿ ಕಾವಿ ಥಟ್ಟನೆ ಕಷಾಯವಾಯಿತು. ಮುದ್ರಣದ ಅಣ್ಣ ಕಂಡದ್ದನ್ನು ಕೊನೆಗೂ ನಾನೂ ಕಂಡೆ. ಆದರೆ ಅದೇ ಕಡತವನ್ನು ಒಂದು ಸಾದಾ ಚಿತ್ರವೀಕ್ಷಕದಲ್ಲಿ ತೆರೆದರೆ ಇನ್ನೂ ಹಳೆಯ ಉಜ್ವಲ ಕೆಂಪು. ಕೆಟ್ಟಿತೆಂದು ಒಂದು ಗಂಟೆ ತಲೆಕೆಡಿಸಿಕೊಂಡೆ. ಆ ವೀಕ್ಷಕ ಪ್ರೊಫೈಲನ್ನು ಓದುವುದೇ ಇಲ್ಲ. ಎರಡು ತಂತ್ರಾಂಶಗಳ ನಡುವೆ ವ್ಯತ್ಯಾಸ ಕಂಡರೆ ಪ್ರೊಫೈಲ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಪರದೆಯಲ್ಲೇ ಎಸ್‌ಆರ್‌ಜಿಬಿ ವಿಧಾನವೂ ಇದೆ, ಅದನ್ನು ಬಳಸಿದ್ದರೆ ಎಲ್ಲ ಕಡೆಯೂ ಒಂದೇ ಬಣ್ಣ ಸಿಗುತ್ತಿತ್ತು. ಆದರೆ ನನ್ನದರಲ್ಲಿ ಆ ವಿಧಾನ ಹೊಳಪಿನ ಗುಂಡಿಗೆ ಬೀಗ ಹಾಕುತ್ತದೆ, ಕಣ್ಣು ಕುಕ್ಕುವಷ್ಟು ಮೇಲೆ.

ಮೂರನೇ ವಾರ

ಈಗ ಆ ಹನ್ನೊಂದು ಹಳೆಯ ಚಿತ್ರಗಳ ಪಾಡು. ಕಣ್ಣಂದಾಜಿನಲ್ಲಿ ಮತ್ತೆ ಬಣ್ಣ ಏರಿಸುತ್ತಾ ಕೂರಬೇಕಾಗಿಲ್ಲ ಎಂದು ಹೊಳೆದದ್ದು ತಡವಾಗಿ. ಅವುಗಳನ್ನು ಬಿಡಿಸುವಾಗ ನಾನು ಕಂಡದ್ದು ಪರದೆಯ ಸ್ವಂತ ಬಣ್ಣವನ್ನು. ಹಾಗಾದರೆ ಕಡತಕ್ಕೆ ಎಸ್‌ಆರ್‌ಜಿಬಿಯ ಬದಲು ಪರದೆಯ ಪ್ರೊಫೈಲನ್ನು ಹಚ್ಚಬೇಕು, ಅಂಕಿಗಳನ್ನು ಮುಟ್ಟಬಾರದು. ಅನಂತರ ಅಲ್ಲಿಂದ ಎಸ್‌ಆರ್‌ಜಿಬಿಗೆ ಪರಿವರ್ತಿಸಬೇಕು. ಆಗ ಅಂಕಿಗಳು ಬದಲಾಗಿ ನೋಟ ಉಳಿಯುತ್ತದೆ. ಹಚ್ಚುವುದು, ಪರಿವರ್ತಿಸುವುದು ಎರಡೂ ಬೇರೆ ಕೆಲಸ. ಮೊದಲ ಸಲ ನಾನು ಎರಡೂ ಸಲ ಪರಿವರ್ತಿಸಿ, ಏನೂ ಬದಲಾಗಲಿಲ್ಲವೆಂದು ಬೆರಗಾಗಿ ಕೂತಿದ್ದೆ.

ನನ್ನ ಕಾವಿ ಹಳೆಯ ಕಡತದಲ್ಲಿ 138, 74, 56 ಇತ್ತು. ಪರಿವರ್ತನೆಯ ನಂತರ 148, 70, 51 ಆಯಿತು. ಕೆಂಪು ಹತ್ತು ಏರಿತು, ಹಸಿರು ನೀಲಿ ತುಸು ಇಳಿದವು. ಅಂಕಿಯಲ್ಲಿ ಇಷ್ಟೇ, ಆದರೆ ಕೆಮ್ಮಣ್ಣಿಗೂ ಕಷಾಯಕ್ಕೂ ನಡುವಿನ ದಾರಿ ಅಷ್ಟೇ ದೂರದ್ದು. ಪೂರ್ತಿ ನಿಖರವಲ್ಲ: ಆಗ ಬಿಳಿಯೂ ಹೊಳಪೂ ಬೇರೆಯಿದ್ದವು, ಪ್ರೊಫೈಲ್ ಈಗಿನದು. ಆದ್ದರಿಂದ ನೆರಳುಗಳನ್ನು ಕೈಯಿಂದಲೇ ಸ್ವಲ್ಪ ತಿಳಿಯಾಗಿಸುತ್ತಿದ್ದೇನೆ. ಮೂರು ಮುಗಿದಿವೆ, ಎಂಟು ಬಾಕಿ.

ಈ ವಾರ

ತಿದ್ದಿದ ಮೊದಲ ಚಿತ್ರವನ್ನು ಅದೇ ಅಂಗಡಿಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಹೆಂಟೆಯ ಪಕ್ಕ ಇಟ್ಟು ನೋಡಿದರೆ ಕೂದಲೆಳೆಯಷ್ಟು ಹಳದಿ. ಅದು ಕಾಗದದ್ದು, ನನ್ನದಲ್ಲ.

ನಿನ್ನೆ ಯಾರೋ ಪರದೆಯ ಹೊಳಪನ್ನು 70ಕ್ಕೆ ಏರಿಸಿದ್ದರು. ವಿಚಾರಿಸಿದಾಗ ಅಕ್ಕನ ಮಗಳು, "ಚಿಕ್ಕಮ್ಮಾ, ಕತ್ತಲೆ ಇತ್ತು, ಅದಕ್ಕೆ ಒತ್ತಿದೆ" ಎಂದಳು. 38ಕ್ಕೆ ಮರಳಿಸಿ, ಗುಂಡಿಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ, "38" ಎಂದು ಬರೆದಿದ್ದೇನೆ. ಮಾಪಕ ಸೋಮವಾರದ ಬಸ್ಸಿನಲ್ಲಿ ಕಾರವಾರಕ್ಕೆ ಹೋಗುತ್ತದೆ, ದೀಪಾವಳಿ ಹೊತ್ತಿಗೆ ಮತ್ತೊಮ್ಮೆ ಕೇಳಿ ತರಬೇಕು.