ಎಂಟು ಅಕ್ಷರ ಉಳಿಸೋಕೆ ಹೋಗಿ

ಉಚಿತ ಕ್ಲಾಸ್ ಅಂತ 12,000 ನಂಬರ್‌ಗೆ ಹೋದ ಆ ಮೆಸೇಜ್ ಬರೆದದ್ದು ನಾನೇ. ಅದರಲ್ಲಿದ್ದ 'ಮೊದಲ 3' ಅನ್ನೋದನ್ನು ಕಿತ್ತು ಹಾಕಿದ್ದೂ ನಾನೇ. ಮ್ಯಾನೇಜರ್ ಮೇಲೆ ಹಾಕೋಣ ಅಂತ ಎರಡು ದಿನ ಪ್ರಯತ್ನ ಪಟ್ಟೆ, ಆಗಲಿಲ್ಲ.

ಹಾಸನದಲ್ಲಿ ಬಿ.ಎಂ. ರೋಡ್ ಹತ್ತಿರ ಮಹಡಿ ಮೇಲೆ ನಮ್ಮ ಆಫೀಸು. ಕಂಪನಿ ಬೆಂಗಳೂರಿನದು, ಮಕ್ಕಳಿಗೆ ಆನ್‌ಲೈನ್ ಟ್ಯೂಷನ್. ಇಲ್ಲಿರೋದು ಕೌನ್ಸೆಲರ್‌ಗಳು ಮತ್ತು ಕನ್ನಡ ಕಾಪಿ ಬರೆಯೋಕೆ ನಾನೊಬ್ಬಳು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ರಜೆ ಅಲ್ವಾ, ಅದಕ್ಕೂ ಮುಂಚಿನ ಹದಿನೈದು ದಿನ ನಮಗೆ ಸುಗ್ಗಿ. ಆ ಸಲ ಮಾರಬೇಕಾಗಿದ್ದು 5ರಿಂದ 8ನೇ ತರಗತಿಯವರೆಗಿನ ಗಣಿತ ಕೋರ್ಸ್. ಒಟ್ಟು 24 ಕ್ಲಾಸ್, ₹2,400. ಮೊದಲ ಮೂರು ಕ್ಲಾಸ್ ಉಚಿತ, ಇಷ್ಟ ಆದ್ರೆ ದುಡ್ಡು ಕಟ್ಟಿ ಮುಂದುವರಿಸಬಹುದು.

ನಾನು ಮೊದಲು ಬರೆದ ಎಸ್ಸೆಮ್ಮೆಸ್ ಹೀಗಿತ್ತು: 'ಬೇಸಿಗೆ ರಜೆಯಲ್ಲಿ 5-8ನೇ ತರಗತಿಗೆ ಗಣಿತ. ಮೊದಲ 3 ಕ್ಲಾಸ್ ಉಚಿತ. ಸೇರಲು:' ಆಮೇಲೆ 15 ಅಕ್ಷರದ ಲಿಂಕ್. ಚೆನ್ನಾಗೇ ಇತ್ತು. ಎಸ್ಸೆಮ್ಮೆಸ್ ಕಳಿಸೋ ಪ್ಯಾನಲ್‌ಗೆ ಹಾಕಿದೆ, 78 ಅಂತ ಕೆಂಪು ಬಣ್ಣದಲ್ಲಿ ತೋರಿಸಿತು, ಕೆಳಗೆ '2 ಕ್ರೆಡಿಟ್'.

ಕನ್ನಡದಲ್ಲಿ ಬರೆಯೋರಿಗೆ ಇದೊಂದು ದಂಡ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಸಿಗುತ್ತೆ, ಕನ್ನಡಕ್ಕೆ ಬರೀ 70. ಒಂದು ಜಾಸ್ತಿ ಆದ್ರೂ ಎರಡು ಮೆಸೇಜಿನ ದುಡ್ಡು. ಅದೂ ಕಣ್ಣಿಗೆ ಕಾಣೋ ಅಕ್ಷರದ ಲೆಕ್ಕ ಅಲ್ಲ. 'ಕ್ಲಾಸ್' ನಮಗೆ ಎರಡಕ್ಷರ. ಮೆಷೀನು ಕ, ಅದನ್ನು ಅರ್ಧ ಮಾಡೋ ಚಿಹ್ನೆ, ಲ, ದೀರ್ಘ, ಸ, ಮತ್ತೆ ಅರ್ಧದ ಚಿಹ್ನೆ ಅಂತ ಬಿಡಿಸಿ ಆರು ಎಣಿಸುತ್ತೆ. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಚಾರ್ಜು.

12,000 ನಂಬರ್, ಒಂದು ಮೆಸೇಜಿಗೆ ಹದಿನೈದು ಪೈಸೆ. ಎರಡನೇ ಕ್ರೆಡಿಟ್ ಉಳಿಸಿದರೆ ₹1,800 ಉಳಿಯುತ್ತೆ. 'ಒಂದರಲ್ಲೇ ಕೂರಿಸಿ' ಅಂತ ಮ್ಯಾನೇಜರ್ ಮೆಸೇಜ್ ಹಾಕಿದ್ರು. ಎಂಟು ಕಡಿಮೆ ಆಗಬೇಕು. 'ಮೊದಲ 3' ತೆಗೆದೆ, ಸ್ಪೇಸ್ ಸೇರಿ ಏಳು ಹೋಯ್ತು. 'ಉಚಿತ'ವನ್ನು ಗಣಿತದ ಹಿಂದಕ್ಕೆ ತಂದು ಒಂದು ಚುಕ್ಕೆ ತೆಗೆದೆ. 'ಬೇಸಿಗೆ ರಜೆಯಲ್ಲಿ 5-8ನೇ ತರಗತಿಗೆ ಉಚಿತ ಗಣಿತ ಕ್ಲಾಸ್. ಸೇರಲು:' ಸರಿಯಾಗಿ 70. ಹಸಿರು ಬಂತು. ನಿಜ ಹೇಳ್ತೀನಿ, ಖುಷಿಯಾಯ್ತು. ಲಿಂಕ್ ಒತ್ತಿದರೆ ಬರೋ ಪೇಜಿನಲ್ಲಿ 'ಉಚಿತ' ಪಕ್ಕ ಒಂದು ನಕ್ಷತ್ರ, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಮೂರೇ ಕ್ಲಾಸ್ ಅಂತ ಷರತ್ತು ಇದ್ದೇ ಇತ್ತು. ಹೇಳಿದ ಹಾಗಾಯ್ತಲ್ಲ ಅಂತ ಸಮಾಧಾನ ಮಾಡ್ಕೊಂಡೆ.

ಕಂಪನಿಗಳು ಕಳಿಸೋ ಎಸ್ಸೆಮ್ಮೆಸ್ಸಿನ ಒಕ್ಕಣೆಗೆ ಮೊದಲೇ ಒಪ್ಪಿಗೆ ತಗೋಬೇಕಾದ ಡಿಎಲ್‌ಟಿ ಪೋರ್ಟಲ್‌ನಲ್ಲಿ ನಮ್ಮ ಟೆಂಪ್ಲೇಟ್ ಅಪ್ರೂವ್ ಆಯ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೋಯ್ತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ವರ್ಷಕ್ಕಿಂತ ಎರಡರಷ್ಟು ರಿಜಿಸ್ಟ್ರೇಷನ್. ಬೆಂಗಳೂರಿಂದ ಕೈತಟ್ಟೋ ಇಮೋಜಿಗಳು ಬಂದವು. ನಾನು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ.

ರಜೆ ಬಂತು, ಕ್ಲಾಸ್ ಶುರುವಾಯ್ತು. ಆ ವಾರದ ಗುರುವಾರ ನಾಲ್ಕನೇ ಕ್ಲಾಸು. ಹನ್ನೊಂದಕ್ಕೆ ಮಕ್ಕಳು ಲಾಗಿನ್ ಆದ್ರೆ ಮೇಷ್ಟ್ರ ಮುಖದ ಬದಲು ₹2,400 ಕಟ್ಟಿ ಅನ್ನೋ ಸ್ಕ್ರೀನ್. ಹನ್ನೊಂದೂ ಮೂರಕ್ಕೆ ಮೊದಲ ಫೋನ್. ಐದು ನಿಮಿಷದಲ್ಲಿ ನಾಲ್ಕೂ ಲೈನ್ ಬ್ಯುಸಿ. ಕೌನ್ಸೆಲರ್ ಹುಡುಗಿ ರಿಸೀವರ್ ಮುಚ್ಚಿಕೊಂಡು, 'ಅಕ್ಕಾ, ಫ್ರೀ ಅಂತ ನಾವೇ ಹಾಕಿದೀವಂತೆ, ಎಲ್ಲಿ ಹಾಕಿದೀವಿ?' ಅಂದಳು. ನಾನು ಬಾಯಿ ಬಿಡಲಿಲ್ಲ. ಲೈನ್ ಜಾಸ್ತಿಯಾಗಿ ಒಂದು ಕಾಲ್ ನನ್ನ ಟೇಬಲ್ಲಿಗೂ ಬಂತು.

ಆಲೂರು ಕಡೆಯವರು. ಸಿಟ್ಟೇ ಮಾಡಲಿಲ್ಲ, ಅದೇ ಕಷ್ಟ ಆಗಿದ್ದು. 'ನೋಡಿ ಮೇಡಂ, ನಮ್ಮ ಯಜಮಾನ್ರ ಫೋನು ತೋಟಕ್ಕೆ ಹೋಗುತ್ತೆ. ಕ್ಲಾಸ್ ಇದೆ ಅಂತ ಮೂರು ದಿನದಿಂದ ಬಿಟ್ಟು ಹೋಗ್ತಿದಾರೆ. ತಂಗಿ ಮಕ್ಕಳನ್ನೂ ರಜಕ್ಕೆ ಇಲ್ಲಿಗೇ ಕರೆಸ್ಕೊಂಡಿದೀನಿ, ಫ್ರೀ ಕ್ಲಾಸ್ ಇದೆ ಅಂತ. ಈಗ ಮೂವರೂ ಫೋನ್ ಮುಂದೆ ಕೂತವ್ರೆ. ಏನ್ ಹೇಳ್ಲಿ?'

ಪೇಜಿನ ಕೆಳಗೆ ಹಾಕಿದೀವಲ್ಲ ಅಂದೆ. ಬಾಯಿಂದ ಹೊರಟ ತಕ್ಷಣ ನನಗೇ ಅಸಹ್ಯ ಆಯ್ತು. 'ಅದು ಇಂಗ್ಲಿಷಲ್ಲಿ ಐತಂತೆ, ನಮ್ ಹುಡುಗ ಈಗ ಓದಿ ಹೇಳ್ದ' ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ನಿದ್ವಿ. ಹಿಂದೆ ಮಕ್ಕಳ ಗಲಾಟೆ ಕೇಳ್ತಿತ್ತು.

ತಪ್ಪಾಯ್ತು ಅಂತ ಎಲ್ಲರಿಗೂ ಒಂದು ಮೆಸೇಜ್ ಕಳಿಸೋಣ ಅಂದ್ರೆ ಅದಕ್ಕೂ ಹೊಸ ಟೆಂಪ್ಲೇಟ್ ಅಪ್ರೂವ್ ಆಗಬೇಕು. ನಮ್ಮ ಪ್ಯಾನಲ್ಲಿನಲ್ಲಿ ಸುಳ್ಳು ಹೇಳೋಕೂ ಅಪ್ರೂವಲ್, ಕ್ಷಮೆ ಕೇಳೋಕೂ ಅಪ್ರೂವಲ್. ಡಿಎಲ್‌ಟಿಯಲ್ಲಿ ಪಾಸಾದ ಮೇಲೆ ಕಾಪಿ ಸರಿಯಿರಬೇಕು ಅಂತ ಬೇರೆ ನಾನು ನಂಬಿಕೊಂಡಿದ್ದೆ. ಅಲ್ಲಿ ನೋಡೋದು ಕಳಿಸ್ತಿರೋರು ಯಾರು, ಮೆಸೇಜ್ ಯಾವ ವರ್ಗದ್ದು ಅಂತ. ನಮ್ಮ ಉಚಿತ ನಿಜವಾಗಿ ಉಚಿತವಾ ಅಂತ ಅಲ್ಲಿ ಯಾರು ನೋಡ್ತಾರೆ?

ಸಂಜೆ ಕಾಲ್‌ನಲ್ಲಿ ಬೆಂಗಳೂರಿನ ಲೀಗಲ್‌ನವರು ಒಬ್ಬರು ಇದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಜೂನ್ 2022ರಲ್ಲಿ ತಂದ ಜಾಹೀರಾತು ಮಾರ್ಗಸೂಚಿಯನ್ನು ಸ್ಕ್ರೀನ್ ಮೇಲೆ ಹಾಕಿದರು. ಉಚಿತ ಅಂದ ಮೇಲೆ, ಆ ಉಚಿತ ಸಿಗಬೇಕಾದರೆ ಗ್ರಾಹಕ ಏನಕ್ಕೆ ಒಪ್ಪಿಕೊಳ್ಳಬೇಕು ಅನ್ನೋದನ್ನು ಸ್ಪಷ್ಟವಾಗಿ ಹೇಳಬೇಕು. ಅದರ ಜೊತೆ ಇನ್ನೊಂದು ಮಾತು: ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಫಾಂಟೂ ಅದೇ ಇರಬೇಕು. ನಮ್ಮ ಪೇಜಿನಲ್ಲಿ ಉಚಿತ ಅನ್ನೋದು ದಪ್ಪ ಕನ್ನಡದಲ್ಲಿ, ಷರತ್ತು ಇರುವೆಯಷ್ಟು ಇಂಗ್ಲಿಷಿನಲ್ಲಿ. ಆ ಪೇಜು ಬೆಂಗಳೂರಿನ ಡಿಸೈನ್ ಟೀಮಿನದು, ಎಲ್ಲ ಭಾಷೆಗೂ ಒಂದೇ ಇಂಗ್ಲಿಷ್ ಅಡಿಟಿಪ್ಪಣಿ ಅಂಟಿಸಿದ್ರು. ಅದನ್ನು ಜೋರಾಗಿ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ 70 ಅಕ್ಷರದ ಮೆಸೇಜನ್ನು ಸ್ಕ್ರೀನಿಗೆ ಹಾಕಿದರು. ಅದರಲ್ಲಿ ನಕ್ಷತ್ರವೂ ಇರಲಿಲ್ಲ.

ಎರಡು ದಿನ ಎಳೆದಾಡಿ ಕೊನೆಗೆ ಆ ಲಿಂಕಿನಿಂದ ಸೇರಿದ ಮಕ್ಕಳಿಗೆಲ್ಲ 24 ಕ್ಲಾಸಿನ ರೆಕಾರ್ಡಿಂಗ್ ಉಚಿತ ಅಂತ ತೀರ್ಮಾನ ಆಯ್ತು. ಲೈವ್ ಮಾತ್ರ ದುಡ್ಡಿಗೆ. ಅರೆಮನಸ್ಸಿನ ಪರಿಹಾರ, ನನಗೇನೂ ಇಷ್ಟ ಆಗಲಿಲ್ಲ. ಆಲೂರಿನವರಿಗೆ ನಾನೇ ಫೋನ್ ಮಾಡಿ ಹೇಳಿದೆ. ರೆಕಾರ್ಡಿಂಗೇ ವಾಸಿ ಅಂದರು, ರಾತ್ರಿ ಯಜಮಾನ್ರು ತೋಟದಿಂದ ಬಂದ ಮೇಲೆ ನೋಡಬಹುದಂತೆ. ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಚ್ ಇಟ್ಟವರು ಯಾರೂ ಆ ಫೋನ್ ಎಲ್ಲಿರುತ್ತೆ ಅಂತ ಯೋಚನೆ ಮಾಡಿರಲಿಲ್ಲ. ನಾನೂ ಸೇರಿ.

ಆ ರಾತ್ರಿ ಮನೆಯಲ್ಲಿ ಮತ್ತೆ ಮೆಸೇಜ್ ತೆಗೆದು ಬೆರಳಲ್ಲಿ ಎಣಿಸಿದೆ. 'ಸೇರಲು:' ಅನ್ನೋದನ್ನು ತೆಗೆದಿದ್ರೆ ಸಾಕಿತ್ತು. ಅಕ್ಷರ ಐದು, ಎರಡು ಚುಕ್ಕೆ ಒಂದು, ಸ್ಪೇಸ್ ಒಂದು, ಅದರ ಹಿಂದಿನ ಪೂರ್ಣವಿರಾಮ ಒಂದು. ಸರಿಯಾಗಿ ಎಂಟು. 'ಮೊದಲ 3 ಕ್ಲಾಸ್ ಉಚಿತ', ಪಕ್ಕದಲ್ಲೇ ಲಿಂಕ್, 70. ಲಿಂಕ್ ಇದ್ರೆ ಸೇರೋಕೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ.

ಈ ಸಲದ ಮೆಸೇಜಿನಲ್ಲಿ 'ನಂತರ ₹2,400' ಅಂತಾನೂ ಸೇರಿಸಿದೀನಿ. ಎರಡು ಕ್ರೆಡಿಟ್ ಆಗುತ್ತೆ. ಒಂದರಲ್ಲಿ ಕೂರಲ್ವಾ ಅಂತ ಮ್ಯಾನೇಜರ್ ಮತ್ತೆ ಕೇಳಿದರು, ಕೂರಲ್ಲ ಸರ್ ಅಂದೆ.