ಮುತ್ಯಾ ಕಿವಿಯಲ್ಲಿ ಹೇಳಿದ್ದು

ವಿಜಯಪುರ. ರಾತ್ರಿ ರೌಂಡ್ಸ್‌ನಲ್ಲಿ ಮುತ್ಯಾ ಆಕ್ಸಿಜನ್ ಮಾಸ್ಕ್ ಸರಿಸಿ ನನ್ನ ಕೈ ಹಿಡಿದರು. "ಸಾಹೇಬ್ರ, ಗಂಟಲಾಗ ನಳಿಗಿ ಹಾಕಬ್ಯಾಡ್ರಿ. ಮಕ್ಕಳಿಗೆ ಹೇಳಬ್ಯಾಡ್ರಿ, ಹೊಲಾ ಮಾರ್ತಾರ."

ಶ್ವಾಸಕೋಶ ಪೂರ್ತಿ ಸೋತಿತ್ತು. ವೆಂಟಿಲೇಟರ್ ಹಾಕಿದರೆ ತೆಗೆಯೋದು ಕಷ್ಟ ಅಂತ ನನಗೂ ಗೊತ್ತಿತ್ತು. ಬುದ್ಧಿ ಸರಿಯಿದ್ದವರು ಬೇಡ ಅಂದರೆ ಬೇಡ. ಆದರೆ ಎಚ್ಚರ ತಪ್ಪಿದ ಮೇಲೆ? ಆಗ ಕೇಳೋದು ಮಕ್ಕಳನ್ನೇ. ಗುಟ್ಟಾಗಿಟ್ಟ ಆಸೆ ಆ ಹೊತ್ತಿಗೆ ನನ್ನೊಬ್ಬನ ಮಾತಾಗುತ್ತದೆ, ಅಷ್ಟೇ.

ಇಡೀ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರಿಗೇ ಹೇಳಿದೆ, "ಮುತ್ಯಾ, ನಿಮ್ಮ ಮಾತು ನಡೀಬೇಕಂದ್ರ ಅದನ್ನ ಬರಸ್ರಿ."

ಚಿಕಿತ್ಸೆ ಬೇಡ ಅಂತ ಹೀಗೆ ಮುಂಚೆಯೇ ಬರೆಸಿಡೋದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಸುಲಭ ಮಾಡಿದೆ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು. ತಮ್ಮ ಪರವಾಗಿ ಮಾತಾಡುವವರ ಹೆಸರೂ ಬರೆಸಬೇಕು. ಮುತ್ಯಾ ಬಹಳ ಹೊತ್ತು ಸುಮ್ನಿದ್ದು ಹಿರಿ ಸೊಸೆಯ ಹೆಸರು ಹೇಳಿದರು. "ಆಕಿಗಿ ಧೈರ್ಯ ಐತ್ರಿ."

ನಾಲ್ಕನೇ ದಿನ ಉಸಿರು ಏರಿತು. ಮಗ "ಮಷೀನ್ ಹಾಕ್ರಿ" ಅಂತ ಅತ್ತ. ಸೊಸೆ ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದಳು. ಏದುಸಿರು ತಗ್ಗಲಿ ಅಂತ ನಾನು ಮಾರ್ಫಿನ್ ಸಣ್ಣ ಡೋಸ್ ಕೊಟ್ಟು ಪಕ್ಕದಲ್ಲೇ ಕೂತೆ. ಮಗ ಅಪ್ಪನ ಪಾದ ಹಿಡಿದುಕೊಂಡಿದ್ದ.